ಎರಡನೇ ಮಂಗಳವಾರ ಅಂದರೆ ಯಾವ ಮಂಗಳವಾರ?

2026ರ ಜನವರಿ ಮೊದಲ ವಾರ ನಮ್ಮ ಮ್ಯಾನೇಜರ್ ಹೋಗ್ತಾ ಹೋಗ್ತಾ ಒಂದು ಮಾತು ಹೇಳಿದರು. "ಸ್ಟಾಕ್ ಮೀಟಿಂಗ್ ಇನ್ಮೇಲೆ ಎವ್ರಿ ಸೆಕೆಂಡ್ ಟ್ಯೂಸ್‌ಡೇ. ಕ್ಯಾಲೆಂಡರ್‌ಗೆ ಹಾಕ್ಬಿಡಿ." ನಾನು ಹಾಕಿಬಿಟ್ಟೆ. 13ನೇ ತಾರೀಕು ಮಂಗಳವಾರ ಎಲ್ಲರೂ ಬಂದರು, ಮೀಟಿಂಗ್ ಚೆನ್ನಾಗಿಯೇ ನಡೆಯಿತು. 27ಕ್ಕೆ ಮ್ಯಾನೇಜರ್ ಮತ್ತು ಸ್ಟೋರ್ ನೋಡಿಕೊಳ್ಳುವವರು ಇಬ್ಬರೇ ಕೂತು ಕಾಯುತ್ತಿದ್ದರು. ಉಳಿದವರಿಗೆ ನೋಟಿಫಿಕೇಶನ್ನೇ ಹೋಗಿರಲಿಲ್ಲ.

ಅವರ ಮನಸ್ಸಿನಲ್ಲಿದ್ದದ್ದು ವಾರ ಬಿಟ್ಟು ವಾರ. ನಾನು ಹಾಕಿದ್ದು ತಿಂಗಳ ಎರಡನೇ ಮಂಗಳವಾರ. ಅವರು ಆಡಿದ ಮಾತಿನಲ್ಲಿ ಎರಡೂ ಅರ್ಥ ಕೂತಿದ್ದವು. ಕನ್ನಡದಲ್ಲೇ ಹೇಳಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ ಅನಿಸುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ ಅಂದರೆ ಯಾರಿಗೂ ಅನುಮಾನವಿಲ್ಲ. ಎರಡನೇ ಶನಿವಾರ ಬ್ಯಾಂಕಿಲ್ಲ ಅಂದಾಗಲೂ ಅಷ್ಟೇ, ತಿಂಗಳ ಎರಡನೇ ಶನಿವಾರ ಅಂತಲೇ ತಿಳಿಯುತ್ತದೆ. "ಪ್ರತಿ ಎರಡನೇ ಮಂಗಳವಾರ" ಎಂಬ ಅರೆ ಅನುವಾದದ ಮಾತು ಬಂದಾಗಲೇ ತೊಂದರೆ.

ಕ್ಯಾಲೆಂಡರ್ ಆ್ಯಪ್‌ಗೆ ಇಂಥ ಮಾತುಗಳನ್ನು ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಎಣಿಕೆ ಎಲ್ಲಿಂದ ಶುರು? ವಾರ ಬಿಟ್ಟು ವಾರ ಎಂಬುದನ್ನು ಯಾವುದೋ ಒಂದು ನಿರ್ದಿಷ್ಟ ತಾರೀಕಿನಿಂದ ಎಣಿಸುತ್ತೇವೆ. ಎರಡನೇ ಮಂಗಳವಾರವನ್ನು ತಿಂಗಳ ಮೊದಲಿನಿಂದ ಎಣಿಸುತ್ತೇವೆ. ತಿಂಗಳ ಕೊನೆಯ ಕೆಲಸದ ದಿನವನ್ನು ತಿಂಗಳ ತುದಿಯಿಂದ ಹಿಂದಕ್ಕೆ ಎಣಿಸುತ್ತೇವೆ.

ಗೂಗಲ್, ಆಪಲ್, ಔಟ್‌ಲುಕ್ ಎಲ್ಲವೂ ಒಂದಕ್ಕೊಂದು ಕ್ಯಾಲೆಂಡರ್ ಮಾಹಿತಿ ಕೊಟ್ಟು ತೆಗೆದುಕೊಳ್ಳಲು ಒಂದು ಸಾಮಾನ್ಯ ಬರಹದ ರೂಪ ಇದೆ. ಅದರ ಹೆಸರು ಐಕ್ಯಾಲೆಂಡರ್. 1998ರಲ್ಲಿ ಮೊದಲು ಬಂತು, 2009ರಲ್ಲಿ `RFC 5545` ಎಂಬ ದಾಖಲೆಯಾಗಿ ಹೊಸದಾಯಿತು. ಮರುಕಳಿಸುವ ಕೆಲಸದ ನಿಯಮವನ್ನು ಅದರಲ್ಲಿ `RRULE` ಎಂಬ ಒಂದು ಸಾಲಿನಲ್ಲಿ ಬರೆಯುತ್ತಾರೆ. ನಾವು ಆ್ಯಪ್‌ನಲ್ಲಿ ಬಟನ್ ಒತ್ತಿ ಮಾಡುವುದೆಲ್ಲ ಕೊನೆಗೆ ಈ ರೂಪಕ್ಕೆ ಇಳಿಸಬಹುದಾದ ನಿಯಮವೇ. ನನ್ನ ಮ್ಯಾನೇಜರ್‌ಗೆ ಬೇಕಿದ್ದದ್ದು ಮೊದಲನೇ ಸಾಲು, ನಾನು ಹಾಕಿದ್ದು ಎರಡನೆಯದು:

```
RRULE:FREQ=WEEKLY;INTERVAL=2;BYDAY=TU
RRULE:FREQ=MONTHLY;BYDAY=2TU
```

ಎರಡರಲ್ಲೂ 2 ಇದೆ, ಮಂಗಳವಾರವೂ ಇದೆ. ಆದರೆ ಮೊದಲನೆಯದರಲ್ಲಿ 2 ಅಂದರೆ ಎಷ್ಟು ವಾರಕ್ಕೊಮ್ಮೆ ಅಂತ. ಎರಡನೆಯದರಲ್ಲಿ 2 ಅಂದರೆ ತಿಂಗಳಲ್ಲಿ ಎಷ್ಟನೆಯದು ಅಂತ. 2026ರ ಜನವರಿ 13ರಿಂದ ಎಣಿಸಿದರೆ ಮೊದಲ ನಿಯಮ ವರ್ಷಕ್ಕೆ 26 ಮೀಟಿಂಗ್ ಕೊಡುತ್ತದೆ, ಎರಡನೆಯದು 12.

ಇದರಲ್ಲಿ ಒಂದು ಮೋಸ ಅಡಗಿದೆ. ತಿಂಗಳ ಎರಡನೇ ಮಂಗಳವಾರಗಳು ಜನವರಿ 13, ಫೆಬ್ರವರಿ 10, ಮಾರ್ಚ್ 10. ವಾರ ಬಿಟ್ಟು ವಾರದ ಸರಣಿಯಲ್ಲೂ ಈ ಮೂರು ತಾರೀಕುಗಳು ಬರುತ್ತವೆ. ಅಂದರೆ ತಿಂಗಳ ಮಧ್ಯದ ಮೀಟಿಂಗ್ ಮಾತ್ರ ನೋಡುವವರಿಗೆ ಮಾರ್ಚ್‌ವರೆಗೆ ಎರಡು ನಿಯಮಗಳೂ ಒಂದೇ ಥರ ಕಾಣುತ್ತವೆ. ಏಪ್ರಿಲ್‌ನಲ್ಲಿ ದಾರಿ ಬೇರೆಯಾಗುತ್ತದೆ. ವಾರ ಬಿಟ್ಟು ವಾರದ್ದು ಏಪ್ರಿಲ್ 7 ಮತ್ತು 21ಕ್ಕೆ ಬೀಳುತ್ತದೆ, ತಿಂಗಳ ಎರಡನೆಯದು 14ಕ್ಕೆ. ಮೊದಲ ಎರಡು ಮೂರು ತಾರೀಕು ನೋಡಿ "ಸರಿಯಾಗಿದೆ" ಅಂದುಕೊಳ್ಳಬಾರದು ಅಂತ ನಾನು ಕಲಿತದ್ದು ಇಲ್ಲಿಂದ.

ವಾರ ಬಿಟ್ಟು ವಾರದ ನಿಯಮ ಹಾಕುವುದು ಸುಲಭ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ಈವೆಂಟ್ ತೆರೆದು, `Does not repeat` ಅಂತ ಇರುವ ಕಡೆ ಒತ್ತಿ, `Custom` ಆರಿಸಿ, ಎರಡು ವಾರಕ್ಕೊಮ್ಮೆ ಅಂತ ಕೊಟ್ಟು, ಮಂಗಳವಾರ ಗುರುತು ಮಾಡಿದರೆ ಮುಗಿಯಿತು. ಕಷ್ಟ ಇರುವುದು ನಂತರದ ದಿನಗಳಲ್ಲಿ. ಈ ನಿಯಮಕ್ಕೆ ತಿಂಗಳು, ವರ್ಷ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಶುರುವಾದ ತಾರೀಕು ಮಾತ್ರ. ಅದು ಗೂಟದ ಹಾಗೆ. ಗೂಟ ಒಂದು ವಾರ ಆಚೆಗೆ ಸರಿದರೆ ಮುಂದಿನ ಎಲ್ಲ ಮೀಟಿಂಗ್‌ಗಳೂ ಒಂದೊಂದು ವಾರ ಸರಿಯುತ್ತವೆ.

ನಮ್ಮ ಸರಣಿಯನ್ನೇ ನೋಡಿ. ಜನವರಿ 13ರಿಂದ ಹದಿನಾಲ್ಕು ಹದಿನಾಲ್ಕು ದಿನ ಸೇರಿಸುತ್ತಾ ಹೋದರೆ ಅಕ್ಟೋಬರ್ 20 ಬರುತ್ತದೆ. ಅವತ್ತು ದಸರಾ ರಜೆ. ಯಾರಾದರೂ "ಈ ಸಲ ಮುಂದಿನ ಮಂಗಳವಾರ ಇಟ್ಕೊಳ್ಳೋಣ" ಅಂತ ಈವೆಂಟನ್ನು 27ಕ್ಕೆ ಎಳೆಯುತ್ತಾರೆ. ಆಗ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಇದೊಂದೇ ಈವೆಂಟಾ, ಇದೂ ಇದರ ಮುಂದಿನವೂನಾ, ಅಥವಾ ಎಲ್ಲವೂನಾ? `This event` ಒತ್ತಿದರೆ ಅದೊಂದು ಮಾತ್ರ 27ಕ್ಕೆ ಹೋಗುತ್ತದೆ, ಮುಂದಿನದು ಎಂದಿನಂತೆ ನವೆಂಬರ್ 3. ಆದರೆ ಕೈತಪ್ಪಿ `This and following events` ಒತ್ತಿದರೆ ಹೊಸ ಗೂಟ 27. ಮುಂದಿನದು ನವೆಂಬರ್ 10. ಅವತ್ತು ಬಲಿಪಾಡ್ಯಮಿ! ಒಂದು ಹಬ್ಬ ತಪ್ಪಿಸಲು ಹೋಗಿ ಇನ್ನೊಂದು ಹಬ್ಬಕ್ಕೆ ಹೋಗಿ ಕೂತ ಹಾಗಾಯಿತು. ಅಷ್ಟೇ ಅಲ್ಲ, ಅಲ್ಲಿಂದ ಮುಂದೆ ಇಡೀ ಸರಣಿಯ ವಾರವೇ ಬದಲಾಗಿರುತ್ತದೆ.

ಗೂಟದ ವಿಷಯದಲ್ಲಿ ಇನ್ನೊಂದು ತಪ್ಪು ಎಕ್ಸೆಲ್ ಇಷ್ಟಪಡುವವರು ಮಾಡುವಂಥದ್ದು. ವರ್ಷದ ವಾರಗಳಿಗೆ ನಂಬರ್ ಇರುತ್ತದಲ್ಲ, ಬೆಸ ನಂಬರಿನ ವಾರಗಳಲ್ಲಿ ಮೀಟಿಂಗ್ ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ ಅಂದುಕೊಳ್ಳುತ್ತಾರೆ. ಬಹುತೇಕ ವರ್ಷ ಇದು ನಡೆದುಬಿಡುತ್ತದೆ. ಆದರೆ ಐಎಸ್ಒ ಎಂಬ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಕೆಲವು ವರ್ಷಗಳಿಗೆ 52ರ ಬದಲು 53 ವಾರ. 2026 ಅಂಥದ್ದೊಂದು ವರ್ಷ. ಡಿಸೆಂಬರ್ 29ರ ಮಂಗಳವಾರ 53ನೇ ವಾರದಲ್ಲಿದೆ, 2027ರ ಜನವರಿ 5ರ ಮಂಗಳವಾರ 1ನೇ ವಾರದಲ್ಲಿದೆ. ಎರಡೂ ಬೆಸ. ಹೀಗಾಗಿ ಮೀಟಿಂಗ್ ಎರಡು ವಾರ ಸತತವಾಗಿ ಬರುತ್ತದೆ. `INTERVAL=2` ಇರುವ ನಿಯಮಕ್ಕೆ ಈ ರೋಗವಿಲ್ಲ, ಯಾಕೆಂದರೆ ಅದು ವಾರದ ನಂಬರ್ ನೋಡುವುದೇ ಇಲ್ಲ.

ಈಗ ತಿಂಗಳ ಎರಡನೇ ಮಂಗಳವಾರಕ್ಕೆ ಬರೋಣ. ಐಟಿ ಕೆಲಸದಲ್ಲಿರುವವರಿಗೆ ಇದು ಚೆನ್ನಾಗಿ ಗೊತ್ತು. ಮೈಕ್ರೋಸಾಫ್ಟ್ ತನ್ನ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು 2003ರಿಂದ ತಿಂಗಳ ಎರಡನೇ ಮಂಗಳವಾರವೇ ಬಿಡುತ್ತಾ ಬಂದಿದೆ. ಅದಕ್ಕೆ ಪ್ಯಾಚ್ ಟ್ಯೂಸ್‌ಡೇ ಅಂತ ಹೆಸರೇ ಬಿದ್ದಿದೆ. ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ರೊಳಗೆ ಬರುತ್ತದೆ. ಕಾರಣ ಸರಳ. ತಿಂಗಳ ಮೊದಲ ಏಳು ದಿನಗಳಲ್ಲಿ ಮಂಗಳವಾರ ಒಂದೇ ಒಂದು ಸಲ ಬರಲೇಬೇಕು. ಅದು ಮೊದಲನೆಯದು. ಅದರ ಮುಂದಿನ ಏಳು ದಿನಗಳಲ್ಲಿ ಎರಡನೆಯದು.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಬಿಡುವ ಅಪ್‌ಡೇಟ್ ನಮಗೆ ಸಿಗುವಾಗ ಮಂಗಳವಾರ ರಾತ್ರಿ ಹತ್ತೂವರೆ ಆಗಿರುತ್ತದೆ, ಅಲ್ಲಿನ ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ಬೆಂಗಳೂರಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುವವರ ಕೆಲಸ ಶುರುವಾಗುವುದು ಬುಧವಾರ ಬೆಳಿಗ್ಗೆ. ಇಲ್ಲಿ ಎಲ್ಲರೂ ಮಾಡುವ ಸುಲಭದ ಕೆಲಸ ಅಂದರೆ "ತಿಂಗಳ ಎರಡನೇ ಬುಧವಾರ" ಅಂತ ರಿಮೈಂಡರ್ ಇಡುವುದು. ಮಂಗಳವಾರದ ಮರುದಿನ ಬುಧವಾರ, ಆದ್ದರಿಂದ ಎರಡನೇ ಮಂಗಳವಾರದ ಮರುದಿನ ಎರಡನೇ ಬುಧವಾರ. ಕೇಳಲು ಸರಿಯಾಗಿಯೇ ಇದೆ, ಅಲ್ವಾ?

2026ರ ಏಪ್ರಿಲ್ 1 ಬುಧವಾರ. ಆ ತಿಂಗಳ ಮೊದಲ ಬುಧವಾರ 1ನೇ ತಾರೀಕೇ ಆಗಿಹೋಯಿತು, ಎರಡನೆಯದು 8. ಆದರೆ ಎರಡನೇ ಮಂಗಳವಾರ 14. ಅದರ ಮರುದಿನ 15, ಅದು ಮೂರನೇ ಬುಧವಾರ. "ಎರಡನೇ ಬುಧವಾರ"ದ ರಿಮೈಂಡರ್ ಅಪ್‌ಡೇಟ್ ಬರುವುದಕ್ಕೆ ಆರು ದಿನ ಮೊದಲೇ ಕೂಗಿ ಸುಮ್ಮನಾಗುತ್ತದೆ. ಬುಧವಾರದಿಂದ ಶುರುವಾಗುವ ಪ್ರತಿ ತಿಂಗಳಲ್ಲೂ ಹೀಗೆ. ಜುಲೈ 1 ಕೂಡ ಬುಧವಾರವೇ.

ಸರಿಯಾದ ದಾರಿ ಏನೆಂದರೆ ಎಷ್ಟನೇ ಬುಧವಾರ ಎಂಬ ಎಣಿಕೆಯನ್ನೇ ಬಿಟ್ಟುಬಿಡುವುದು. ಎರಡನೇ ಮಂಗಳವಾರ 8ರಿಂದ 14ರೊಳಗೆ ಬಂದರೆ ಅದರ ಮರುದಿನ 9ರಿಂದ 15ರೊಳಗೆ ಬರಲೇಬೇಕು. ಆ ಏಳು ತಾರೀಕುಗಳಲ್ಲಿ ಬುಧವಾರ ಯಾವುದೋ ಅದೇ ನಮ್ಮ ದಿನ.

```
RRULE:FREQ=MONTHLY;BYDAY=WE;BYMONTHDAY=9,10,11,12,13,14,15
```

ಇಲ್ಲಿ ಎರಡು ಷರತ್ತುಗಳಿವೆ, ಎರಡೂ ಕೂಡಿದ ದಿನ ಮಾತ್ರ ಈವೆಂಟ್ ಬರುತ್ತದೆ. ಕ್ಯಾಲೆಂಡರ್ ಬದಲು, ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಲಿನಕ್ಸ್‌ನ ಕ್ರಾನ್‌ನಲ್ಲಿ ಇದನ್ನೇ ಬರೆಯುವವರು ಎಚ್ಚರ ವಹಿಸಬೇಕು. `0 9 9-15 * 3` ಅಂತ ಬರೆದರೆ ಕ್ರಾನ್ ಅದನ್ನು "9ರಿಂದ 15ರವರೆಗಿನ ಪ್ರತಿ ದಿನ, ಜೊತೆಗೆ ಪ್ರತಿ ಬುಧವಾರವೂ" ಅಂತ ಓದುತ್ತದೆ. ತಾರೀಕು ಮತ್ತು ವಾರ ಎರಡೂ ಕೊಟ್ಟಾಗ ಅದು ಎರಡರಲ್ಲಿ ಯಾವುದು ಸರಿಯಾದರೂ ಓಡುತ್ತದೆ. ಹಾಗಾಗಿ ವಾರದ ಜಾಗದಲ್ಲಿ ನಕ್ಷತ್ರ ಬಿಟ್ಟು, ವಾರವನ್ನು ಆಮೇಲೆ ಬೇರೆಯಾಗಿ ಪರೀಕ್ಷಿಸಬೇಕು:

```
0 9 9-15 * * [ "$(date +\%u)" = 3 ] && /home/me/patch.sh
```

`%` ಚಿಹ್ನೆಗೆ ಮೊದಲಿನ ಆ `\` ಗೀಟು ಮರೆಯಬೇಡಿ. ಕ್ರಾನ್‌ನಲ್ಲಿ ಬರಿ ಶೇಕಡಾ ಚಿಹ್ನೆ ಹಾಕಿದರೆ ಸಾಲು ಅಲ್ಲಿಗೇ ಮುರಿಯುತ್ತದೆ. ಅರ್ಧ ದಿನ ಇದರಲ್ಲೇ ಕಳೆದವರ ಸಂಘದಲ್ಲಿ ನಾನೂ ಸದಸ್ಯ.

ಇನ್ನು ತಿಂಗಳ ಕೊನೆಯ ಕೆಲಸದ ದಿನ. ಇದು ನಿಜಕ್ಕೂ ಬೇರೆ ಜಾತಿಯ ಸಮಸ್ಯೆ. ಮಂಗಳವಾರ ಯಾವುದು ಅಂತ ಜಗತ್ತಿಗೆಲ್ಲ ಒಪ್ಪಿಗೆ ಇದೆ. ಕೆಲಸದ ದಿನ ಯಾವುದು ಅಂತ ಪಕ್ಕದ ಮಳಿಗೆಯವರಿಗೂ ನಮಗೂ ಒಪ್ಪಿಗೆ ಇಲ್ಲ.

ಸಂಬಳದ ಪಟ್ಟಿ ತಯಾರಿಸುವುದು ನಮ್ಮಲ್ಲಿ ಈ ದಿನದ ಕೆಲಸ. ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಜನವರಿ 31ಕ್ಕೆ ಈವೆಂಟ್ ಹಾಕಿ, ಪ್ರತಿ ತಿಂಗಳೂ ಬರಲಿ ಅಂದೆ. ಫೆಬ್ರವರಿಯಲ್ಲಿ ಅದು ಬರಲೇ ಇಲ್ಲ. ನಿಯಮದ ಪ್ರಕಾರ ಇಲ್ಲದ ತಾರೀಕನ್ನು ಬಿಟ್ಟು ಮುಂದೆ ಹೋಗಬೇಕು. ಫೆಬ್ರವರಿಗೆ 31 ಇಲ್ಲ, ಆದ್ದರಿಂದ ಫೆಬ್ರವರಿಗೆ ಸಂಬಳವೂ ಇಲ್ಲ! 31 ಇರುವ ತಿಂಗಳು ವರ್ಷಕ್ಕೆ ಏಳೇ. ತಿಂಗಳ ಕೊನೆಯ ತಾರೀಕೇ ಬೇಕಿದ್ದರೆ 31 ಅಂತ ಹೇಳುವ ಬದಲು ತುದಿಯಿಂದ ಮೊದಲನೆಯದು ಅಂತ ಹೇಳಬೇಕು, ಅಂದರೆ `BYMONTHDAY=-1`. ಮೈನಸ್ ಹಾಕಿದರೆ ಎಣಿಕೆ ಹಿಂದಿನಿಂದ ಶುರು.

ಅದೇ ಉಪಾಯವನ್ನು ಕೆಲಸದ ದಿನಗಳಿಗೆ ಬಳಸಿದರೆ ಈ ಸಾಲು ಸಿಗುತ್ತದೆ:

```
RRULE:FREQ=MONTHLY;BYDAY=MO,TU,WE,TH,FR;BYSETPOS=-1
```

ಇದನ್ನು ಎರಡು ಹೆಜ್ಜೆಯಾಗಿ ಓದಬೇಕು. ಮೊದಲು ತಿಂಗಳ ಎಲ್ಲ ಸೋಮವಾರದಿಂದ ಶುಕ್ರವಾರಗಳನ್ನು ಒಂದು ಬುಟ್ಟಿಗೆ ಹಾಕು. ಆಮೇಲೆ ಆ ಬುಟ್ಟಿಯಲ್ಲಿ ಕೊನೆಯದನ್ನು ಎತ್ತಿಕೊ. `BYSETPOS` ಮಾಡುವುದು ಈ ಎತ್ತಿಕೊಳ್ಳುವ ಕೆಲಸ. ಇದನ್ನು ಬಿಟ್ಟು `BYDAY=-1MO,-1TU` ಹೀಗೆ ಐದು ದಿನಗಳಿಗೂ ಮೈನಸ್ ಹಾಕಿದರೆ ಕೊನೆಯ ಸೋಮವಾರ, ಕೊನೆಯ ಮಂಗಳವಾರ ಅಂತ ತಿಂಗಳಿಗೆ ಐದು ಈವೆಂಟ್ ಬರುತ್ತವೆ.

ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ರೂಪದಲ್ಲಿ ತಿಂಗಳ ಪುನರಾವರ್ತನೆ ಆರಿಸಿದರೆ `last` ಮತ್ತು `weekday` ಅಂತ ಆರಿಸಲು ಜಾಗವಿದೆ. ಆಪಲ್ ಕ್ಯಾಲೆಂಡರ್‌ನಲ್ಲೂ ಇದೆ. ಗೂಗಲ್ ಕ್ಯಾಲೆಂಡರ್‌ನ ಪರದೆಯಲ್ಲಿ ಕೊನೆಯ ಶುಕ್ರವಾರ ಸಿಗುತ್ತದೆ, ಕೊನೆಯ ಕೆಲಸದ ದಿನ ಸಿಗುವುದಿಲ್ಲ. ಆದರೆ ಪರದೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಗೂಗಲ್‌ಗೆ ಈ ನಿಯಮ ಅರ್ಥವಾಗುವುದಿಲ್ಲ ಅಂತಲ್ಲ. ನೋಟ್‌ಪ್ಯಾಡ್‌ನಲ್ಲಿ ಈ ಕೆಳಗಿನದನ್ನು ಬರೆದು, ಹೆಸರಿನ ಕೊನೆಗೆ `.ics` ಹಾಕಿ ಉಳಿಸಿ:

```
BEGIN:VCALENDAR
VERSION:2.0
PRODID:-//sambala//1
BEGIN:VEVENT
UID:sambala-2026@example.com
DTSTAMP:20260101T000000Z
DTSTART;VALUE=DATE:20260130
RRULE:FREQ=MONTHLY;BYDAY=MO,TU,WE,TH,FR;BYSETPOS=-1
SUMMARY:ಸಂಬಳದ ಪಟ್ಟಿ
END:VEVENT
END:VCALENDAR
```

ಆಮೇಲೆ ಕಂಪ್ಯೂಟರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು, `Settings` ಒಳಗಿನ `Import & export`ನಲ್ಲಿ ಈ ಫೈಲ್ ಕೊಡಿ. ಮೊದಲ ಸಲ ಒಂದು ಖಾಲಿ ಕ್ಯಾಲೆಂಡರ್ ಮಾಡಿಕೊಂಡು ಅದಕ್ಕೇ ತುಂಬಿಸಿ, ಕೆಟ್ಟರೆ ಇಡಿಯಾಗಿ ಅಳಿಸಬಹುದು. ಒಮ್ಮೆ ಬಂದ ಮೇಲೆ ಆ ಈವೆಂಟಿನ ಹೆಸರು, ರಿಮೈಂಡರ್ ಬದಲಿಸಬಹುದು. ಪುನರಾವರ್ತನೆಯ ಪಟ್ಟಿಯನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಬೇರೆ ಏನನ್ನಾದರೂ ಆರಿಸಿ ಉಳಿಸಿದರೆ ಈ ನಿಯಮ ಹೋಯಿತು, ಪರದೆಯಿಂದ ಮತ್ತೆ ಕಟ್ಟಲು ಆಗುವುದಿಲ್ಲ.

ಶುರುವಿನ ತಾರೀಕು ಜನವರಿ 30 ಯಾಕೆ ಅಂತ ಕೇಳಬಹುದು. 2026ರ ಜನವರಿ 31 ಶನಿವಾರ, ಹಾಗಾಗಿ ಕೊನೆಯ ಕೆಲಸದ ದಿನ ಶುಕ್ರವಾರ 30. `DTSTART` ಯಾವಾಗಲೂ ನಿಯಮಕ್ಕೆ ಹೊಂದುವ ದಿನವೇ ಆಗಿರಬೇಕು. ಸುಮ್ನೆ ಜನವರಿ 1 ಅಂತ ಹಾಕಿದರೆ ಏನಾಗಬೇಕು ಅಂತ ಆ ದಾಖಲೆ ಹೇಳುವುದೇ ಇಲ್ಲ. ಒಂದು ಆ್ಯಪ್ ಜನವರಿ 1ಕ್ಕೂ ಒಂದು ಸಂಬಳದ ದಿನ ತೋರಿಸಬಹುದು, ಇನ್ನೊಂದು ತೋರಿಸದೆ ಇರಬಹುದು. ಇಡೀ ದಿನದ ಈವೆಂಟ್ ಮಾಡಿದ್ದಕ್ಕೂ ಕಾರಣವಿದೆ. ಗಂಟೆ ಹಾಕಿದರೆ ಟೈಮ್ ಝೋನ್ ವಿವರವನ್ನೂ ಬರೆಯಬೇಕಾಗುತ್ತದೆ, ನಮಗೆ ಬೇಕಿರುವುದು ದಿನ ಮಾತ್ರ.

ಇಷ್ಟು ಮಾಡಿದ ಮೇಲೂ ನಮ್ಮ ಅಕೌಂಟ್ಸ್‌ನ ಹಿರಿಯರು ಒಪ್ಪಲಿಲ್ಲ. "ಜನವರಿ 31 ಶನಿವಾರ ಬ್ಯಾಂಕ್ ಇತ್ತಲ್ಲಮ್ಮ" ಅಂದರು. ನಿಜ. ನಮ್ಮ ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಉಳಿದ ಶನಿವಾರ ಪೂರ್ತಿ ಕೆಲಸ. ಜನವರಿ 31 ಐದನೇ ಶನಿವಾರ. ಫೆಬ್ರವರಿ 28 ಕೂಡ ಶನಿವಾರವೇ, ಆದರೆ ಅದು ನಾಲ್ಕನೆಯದು, ಬ್ಯಾಂಕ್ ಮುಚ್ಚಿತ್ತು. ಮೇ 30 ಮತ್ತೆ ಐದನೆಯದು, ಬ್ಯಾಂಕ್ ಇದೆ. ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಈ ಮೂರು ತಿಂಗಳ ಕೊನೆಯ ಕೆಲಸದ ದಿನ ಜನವರಿ 31, ಫೆಬ್ರವರಿ 27, ಮೇ 30. ನನ್ನ ನಿಯಮ ಕೊಟ್ಟದ್ದು 30, 27, 29.

ಇದನ್ನು ನಿಯಮಕ್ಕೆ ತರಲು ನಾನು ಮೊದಲು ಒಂದು, ಮೂರು, ಐದನೇ ಶನಿವಾರಗಳನ್ನೆಲ್ಲ ಬುಟ್ಟಿಗೆ ಹಾಕಿದೆ. ಆಮೇಲೆ ಹೊಳೆಯಿತು, ಮೊದಲನೇ ಮತ್ತು ಮೂರನೇ ಶನಿವಾರ ತಿಂಗಳ ಕೊನೆಯ ದಿನ ಆಗುವುದೇ ಸಾಧ್ಯವಿಲ್ಲ. ಮೂರನೆಯದು ಎಷ್ಟೇ ತಡವಾದರೂ 21ಕ್ಕೆ ಮುಗಿಯುತ್ತದೆ. ಬೇಕಾದದ್ದು ಐದನೆಯದು ಮಾತ್ರ.

```
RRULE:FREQ=MONTHLY;BYDAY=MO,TU,WE,TH,FR,5SA;BYSETPOS=-1
```

ಐದನೇ ಶನಿವಾರ ಇಲ್ಲದ ತಿಂಗಳಲ್ಲಿ `5SA` ಬುಟ್ಟಿಗೆ ಏನನ್ನೂ ಹಾಕುವುದಿಲ್ಲ, ನಿಯಮ ಮಾಮೂಲಿನಂತೆ ನಡೆಯುತ್ತದೆ. ಆಗಸ್ಟ್‌ನಂತೆ ಐದನೇ ಶನಿವಾರ 29ಕ್ಕೆ ಬಂದು, 31 ಸೋಮವಾರವಾದರೆ ಬುಟ್ಟಿಯ ಕೊನೆಯದು ಸೋಮವಾರವೇ. ಎರಡೂ ಸರಿ. ನನಗೆ ಈ ಸಾಲಿನ ಮೇಲೆ ಸ್ವಲ್ಪ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ನಿಮ್ಮದು ವಾರಕ್ಕೆ ಆರು ದಿನ ಕೆಲಸದ ಜಾಗವಾದರೆ ಇಷ್ಟೂ ಬೇಡ, ಬುಟ್ಟಿಗೆ `SA` ಸೇರಿಸಿದರೆ ಸಾಕು.

ಉಳಿದದ್ದು ಹಬ್ಬಗಳು. ಇಲ್ಲಿ ನಿಯಮದ ಆಟ ಮುಗಿಯುತ್ತದೆ. 2026ರ ಮಾರ್ಚ್ 31 ಮಂಗಳವಾರ. ಮೇಲಿನ ಯಾವ ಸಾಲು ಬಳಸಿದರೂ ಅದೇ ದಿನ ಬರುತ್ತದೆ. ಆದರೆ ಅವತ್ತು ಮಹಾವೀರ ಜಯಂತಿ. ಮುಂದಿನ ತಿಂಗಳು ಎರಡನೇ ಮಂಗಳವಾರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ಅಂಬೇಡ್ಕರ್ ಜಯಂತಿ ಪ್ರತಿ ವರ್ಷ ಅದೇ ತಾರೀಕು, ಮೊದಲೇ ಗೊತ್ತಿರುತ್ತದೆ. ಮಹಾವೀರ ಜಯಂತಿ ಹಾಗಲ್ಲ, ಅದು ಚೈತ್ರ ಶುದ್ಧ ತ್ರಯೋದಶಿ. ಹಾಗೆ ನೋಡಿದರೆ ಅದೂ ಒಂದು ಮರುಕಳಿಸುವ ನಿಯಮವೇ. ಚಂದ್ರನನ್ನು ನೋಡಿ ಎಣಿಸುವ ನಿಯಮ. ನಮ್ಮ ಪಂಚಾಂಗ ಬರೆಯುವವರು ಶತಮಾನಗಳಿಂದ ಅದನ್ನು ಲೆಕ್ಕ ಹಾಕುತ್ತಿದ್ದಾರೆ. ಆದರೆ ಮೇಲೆ ಬರೆದಂಥ `RRULE` ಸಾಲಿಗೆ ತಿಥಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಾರೀಕು, ವಾರ, ತಿಂಗಳು.

ಗೂಗಲ್‌ನಲ್ಲಿ ಭಾರತದ ರಜೆಗಳ ಕ್ಯಾಲೆಂಡರ್ ಸೇರಿಸಿಕೊಂಡರೆ ಸರಿಹೋಗುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಬ್ಬದ ಹೆಸರು ಪರದೆಯಲ್ಲಿ ಕಾಣುತ್ತದೆ, ನಿಜ. ಆದರೆ ಸಂಬಳದ ಈವೆಂಟ್ ಅದನ್ನು ಓದುವುದಿಲ್ಲ. ಎರಡೂ ಒಂದೇ ಚೌಕದಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಒಂದಕ್ಕೊಂದು ಪರಿಚಯವಿಲ್ಲದೆ.

ಐಕ್ಯಾಲೆಂಡರ್‌ನಲ್ಲಿ ಇದಕ್ಕೆ ತೇಪೆ ಹಾಕುವ ಸಾಲುಗಳಿವೆ. `EXDATE` ಅಂದರೆ ಈ ದಿನ ಬಿಡು, `RDATE` ಅಂದರೆ ಈ ದಿನ ಸೇರಿಸು. 31 ಬಿಟ್ಟು 30 ಸೇರಿಸಬಹುದು. ನಾನು ಬಳಸಿ ನೋಡಿ ಕೈಬಿಟ್ಟೆ. ಪ್ರತಿ ವರ್ಷ ಫೈಲ್ ತಿದ್ದಿ ಮತ್ತೆ ಒಳಗೆ ತುಂಬುವುದಕ್ಕಿಂತ, ಪರದೆಯಲ್ಲೇ ಆ ಒಂದು ಈವೆಂಟನ್ನು ಹಿಂದಿನ ದಿನಕ್ಕೆ ಎಳೆದು `This event` ಒತ್ತುವುದು ಸಲೀಸು. ವರ್ಷಕ್ಕೆ ಇಂಥವು ಒಂದೋ ಎರಡೋ ಬರುತ್ತವೆ.

ಯಾವುದನ್ನು ಎಳೆಯಬೇಕು ಅಂತ ಹುಡುಕುವುದೇ ಕೆಲಸ. ಅದಕ್ಕೆ ನನ್ನ ಹತ್ತಿರ ಒಂದು ಶೀಟ್ ಇದೆ. ಸರ್ಕಾರ ಬರುವ ವರ್ಷದ ರಜೆ ಪಟ್ಟಿ ಹೊರಡಿಸಿದ ಮೇಲೆ ಅದನ್ನು `H` ಕಾಲಂನಲ್ಲಿ ಬರೆದುಕೊಳ್ಳುತ್ತೇನೆ. `A` ಕಾಲಂನಲ್ಲಿ ಹನ್ನೆರಡು ತಿಂಗಳ 1ನೇ ತಾರೀಕು. ಪಕ್ಕದಲ್ಲಿ ಇದು:

```
=WORKDAY(EOMONTH(A2,0)+1,-1,$H$2:$H$60)
```

`EOMONTH` ತಿಂಗಳ ಕೊನೆಯ ತಾರೀಕು ಕೊಡುತ್ತದೆ. ಅದಕ್ಕೆ ಒಂದು ಸೇರಿಸಿ ಮುಂದಿನ ತಿಂಗಳ 1ಕ್ಕೆ ಹೋಗಿ, ಅಲ್ಲಿಂದ ಒಂದು ಕೆಲಸದ ದಿನ ಹಿಂದಕ್ಕೆ ಬರುತ್ತೇವೆ. ಆ ಒಂದು ಸೇರಿಸುವುದನ್ನು ಮರೆತರೆ 31ರಿಂದಲೇ ಹಿಂದಕ್ಕೆ ಹೆಜ್ಜೆ ಇಡುತ್ತದೆ, 31 ಕೆಲಸದ ದಿನವಾಗಿದ್ದರೂ 30 ಅಂತ ತೋರಿಸುತ್ತದೆ. ಮಾರ್ಚ್ 2026ಕ್ಕೆ, `H`ನಲ್ಲಿ 31 ಇರುವುದರಿಂದ, ಉತ್ತರ ಸೋಮವಾರ 30. ಬ್ಯಾಂಕಿನ ಲೆಕ್ಕ ಬೇಕಿದ್ದರೆ ಭಾನುವಾರ ಮಾತ್ರ ವಾರದ ರಜೆ ಅಂತ ಹೇಳುವ 11 ಎಂಬ ಸಂಖ್ಯೆ ಕೊಟ್ಟು, ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನೂ `H`ಗೆ ಸೇರಿಸಬೇಕು:

```
=WORKDAY.INTL(EOMONTH(A2,0)+1,-1,11,$H$2:$H$60)
```

ಕ್ಯಾಲೆಂಡರ್ ತೋರಿಸುವ ಹನ್ನೆರಡು ತಾರೀಕುಗಳನ್ನೂ ಶೀಟ್ ತೋರಿಸುವ ಹನ್ನೆರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಬೇರೆಯಾದ ಕಡೆ ಎಳೆಯುತ್ತೇನೆ. ಹತ್ತು ನಿಮಿಷದ ಕೆಲಸ.

ಎಳೆಯುವಾಗ ಒಂದು ಬಾಲ ಮರೆಯುವಂತಿಲ್ಲ. ಸಂಬಳದ ದಿನಕ್ಕೆ ಮೂರು ಕೆಲಸದ ದಿನ ಮೊದಲು ಹಾಜರಿ ಲೆಕ್ಕ ಕೇಳಲು ನಾನು ಇನ್ನೊಂದು ರಿಮೈಂಡರ್ ಇಟ್ಟಿದ್ದೇನೆ, ಅದರಲ್ಲಿ `BYSETPOS=-4`. ತುದಿಯಿಂದ ನಾಲ್ಕನೆಯದು ಅಂತ. ಮಾರ್ಚ್‌ನಲ್ಲಿ ಸಂಬಳದ ಈವೆಂಟನ್ನು 30ಕ್ಕೆ ಎಳೆದೆ, ಇದನ್ನು ಮುಟ್ಟಲಿಲ್ಲ. ಅದು ತನ್ನ ಪಾಡಿಗೆ 31ರಿಂದ ಎಣಿಸಿ 26ಕ್ಕೆ ನಿಂತಿತ್ತು. ನನ್ನ ಕೈಯಲ್ಲಿ ಮೂರು ದಿನ ಇದೆ ಅಂದುಕೊಂಡಿದ್ದೆ, ಇದ್ದದ್ದು ಎರಡೇ. 26 ಮತ್ತು 30ರ ನಡುವೆ ಶನಿವಾರ ಭಾನುವಾರವೂ ಇದ್ದವಲ್ಲ, ಅಂತೂ ಶುಕ್ರವಾರ ರಾತ್ರಿ ಎಂಟೂವರೆಗೆ ಕೊನೆಯ ಹಾಜರಿ ಶೀಟ್ ಬಂತು. ಈಗ ಎರಡೂ ಈವೆಂಟ್‌ಗಳ ವಿವರಣೆಯಲ್ಲಿ ಒಂದರ ಹೆಸರು ಇನ್ನೊಂದರಲ್ಲಿ ಬರೆದಿಟ್ಟಿದ್ದೇನೆ.

ಸ್ಟಾಕ್ ಮೀಟಿಂಗ್ ಹೆಸರನ್ನೂ ಬದಲಾಯಿಸಿದೆ. ಈಗ ಎಲ್ಲರ ಫೋನಿನಲ್ಲೂ "ಸ್ಟಾಕ್ ಮೀಟಿಂಗ್, ವಾರ ಬಿಟ್ಟು ವಾರ, ಜನವರಿ 13ರಿಂದ ಎಣಿಕೆ" ಅಂತ ಬರುತ್ತದೆ. ಮ್ಯಾನೇಜರ್‌ಗೆ ಹೆಸರು ಉದ್ದವಾಯಿತಂತೆ.